ರಿಪೋರ್ಟ್‌ನಲ್ಲಿ ನಾರ್ಮಲ್, ಚೀಟಿಯಲ್ಲಿ ಮಾತ್ರೆ: ಬಸಿರಿನಲ್ಲಿ ಟಿಎಸ್‌ಎಚ್ ಎಷ್ಟಿರಬೇಕು?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಮೊದಲ ಬಸಿರು, ಈಗ 9 ವಾರ. ಹೋದ ವಾರ ಟಿಎಸ್‌ಎಚ್ ಮಾಡಿಸಿದೆ, 3.4 ಬಂತು. ರಿಪೋರ್ಟ್‌ನಲ್ಲಿ 0.27ರಿಂದ 4.2 ನಾರ್ಮಲ್ ಅಂತ ಅಚ್ಚಾಗಿದೆ. ಊರಿನ ಡಾಕ್ಟರು ಏನೂ ಬೇಡ ಅಂದರು. ಸ್ಕ್ಯಾನಿಂಗ್‌ಗೆ ಹಾಸನಕ್ಕೆ ಹೋದಾಗ ಅಲ್ಲಿನ ಮೇಡಂ “2.5 ದಾಟಬಾರದು” ಅಂತ 25ರ ಥೈರಾಯ್ಡ್ ಮಾತ್ರೆ ಬರೆದರು. ತಂದಿಟ್ಟಿದ್ದೇನೆ, ಇನ್ನೂ ನುಂಗಿಲ್ಲ. ಅತ್ತೆ “ಒಂದ್ಸಲ ಶುರು ಮಾಡಿದರೆ ಜೀವನಪೂರ್ತಿ ಬಿಡೋ ಹಾಗಿಲ್ಲ, ಉಷ್ಣ ಬೇರೆ” ಅಂತಾರೆ. ನನ್ನ ಓರಗಿತ್ತಿಗೆ ಮೊದಲಿಂದಲೂ ಥೈರಾಯ್ಡ್ ಇತ್ತು. ಬಸಿರಾದ ತಕ್ಷಣ ಅವರಿಗೆ ಡೋಸ್ ಜಾಸ್ತಿ ಮಾಡಿದ್ದರು. ಅವರು “ತಗೊಳ್ಳದಿದ್ದರೆ ಮಗುವಿನ ಬುದ್ಧಿಗೆ ತೊಂದರೆ” ಅಂತ ಹೆದರಿಸುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಹೆದರಿಕೆಯ ವಿಷಯ ಮುಗಿಸೋಣ. 3.4ರ ಟಿಎಸ್‌ಎಚ್‌ನಿಂದ ಮಗುವಿನ ಬುದ್ಧಿ ಕುಂಠಿತವಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಒಂದು ವಾರ ಮಾತ್ರೆ ನುಂಗದೆ ಇದ್ದದ್ದರಿಂದ ಏನೂ ಕೆಟ್ಟಿಲ್ಲ. ಹಾಗಂತ ಊರಿನ ಡಾಕ್ಟರು ಹೇಳಿದ ಹಾಗೆ ರಿಪೋರ್ಟ್ ಮಡಚಿ ಒಳಗಿಡುವಂತೆಯೂ ಇಲ್ಲ. ಇನ್ನೊಂದು ರಕ್ತಪರೀಕ್ಷೆ ಬಾಕಿ ಇದೆ. ಮಾತ್ರೆ ಬೇಕೋ ಬೇಡವೋ ಅನ್ನುವುದು 3.4ಕ್ಕಿಂತ ಜಾಸ್ತಿ ಆ ಪರೀಕ್ಷೆಯ ಮೇಲೆ ನಿಂತಿದೆ. ಅದು ಯಾವುದು ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದೇ 3.4 ಒಬ್ಬರಿಗೆ ನಾರ್ಮಲ್, ಇನ್ನೊಬ್ಬರಿಗೆ ಜಾಸ್ತಿ ಹೇಗಾಯಿತು ಅಂತ ನೋಡೋಣ.

ಥೈರಾಯ್ಡ್ ಗ್ರಂಥಿ ಕುತ್ತಿಗೆಯ ಮುಂಭಾಗದಲ್ಲಿದೆ. ಅದು ಥೈರಾಕ್ಸಿನ್ ಅನ್ನುವ ಹಾರ್ಮೋನು ತಯಾರಿಸುತ್ತದೆ. ಟಿಎಸ್‌ಎಚ್ ಅಲ್ಲಿ ಹುಟ್ಟುವುದಲ್ಲ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕಳಿಸುವ ಆಜ್ಞೆ. ರಕ್ತದಲ್ಲಿ ಥೈರಾಕ್ಸಿನ್ ಸ್ವಲ್ಪ ಕಡಿಮೆಯಾದರೂ ಪಿಟ್ಯುಟರಿಗೆ ಗೊತ್ತಾಗುತ್ತದೆ, “ಇನ್ನಷ್ಟು ಮಾಡು” ಅಂತ ಟಿಎಸ್‌ಎಚ್ ಏರಿಸುತ್ತದೆ. ಥೈರಾಕ್ಸಿನ್ ಜಾಸ್ತಿಯಾದರೆ ಟಿಎಸ್‌ಎಚ್ ಇಳಿಸುತ್ತದೆ. ಟಿಎಸ್‌ಎಚ್ ಜಾಸ್ತಿ ಇದ್ದರೆ ಥೈರಾಯ್ಡ್ ಸೋಮಾರಿಯಾಗಿದೆ ಅಂತ ನಾವು ಲೆಕ್ಕ ಹಾಕುವುದು ಇದರಿಂದಲೇ.

ಬಸಿರಾದಾಗ ಈ ಇಬ್ಬರ ನಡುವೆ ಮೂರನೆಯವರು ಬರುತ್ತಾರೆ. ಮನೆಯಲ್ಲಿ ಮೂತ್ರದ ಟೆಸ್ಟ್ ಮಾಡಿ ಎರಡು ಗೆರೆ ನೋಡಿದಿರಲ್ಲ, ಆ ಗೆರೆ ಮೂಡಿಸುವ ಹಾರ್ಮೋನು ಎಚ್‌ಸಿಜಿ. ಅದನ್ನು ತಯಾರಿಸುವುದು ಬೆಳೆಯುತ್ತಿರುವ ಮಾಸು. ಎಚ್‌ಸಿಜಿ ಮತ್ತು ಟಿಎಸ್‌ಎಚ್ ಎರಡಕ್ಕೂ ಎರಡೆರಡು ಭಾಗಗಳಿವೆ. ಒಂದು ಭಾಗ ಇಬ್ಬರಲ್ಲೂ ಒಂದೇ, ಇನ್ನೊಂದರಲ್ಲೂ ಸಾಕಷ್ಟು ಹೋಲಿಕೆ ಇದೆ. ಹೀಗಾಗಿ ಎಚ್‌ಸಿಜಿ ಹೋಗಿ ಥೈರಾಯ್ಡ್‌ನ ಬಾಗಿಲನ್ನೂ ತಟ್ಟುತ್ತದೆ. ತಟ್ಟುವ ಬಲ ಕಡಿಮೆ. ಆದರೆ ಬಸಿರಿನ ಮೊದಲ ತಿಂಗಳುಗಳಲ್ಲಿ ಅದರ ಪ್ರಮಾಣ ಎಷ್ಟಿರುತ್ತದೆ ಅಂದರೆ ಆ ಬಲವೇ ಸಾಕಾಗುತ್ತದೆ. ಥೈರಾಯ್ಡ್ ಕೆಲಸ ಜಾಸ್ತಿ ಮಾಡುತ್ತದೆ, ಪಿಟ್ಯುಟರಿ ತನ್ನ ಆಜ್ಞೆ ಕಡಿಮೆ ಮಾಡುತ್ತದೆ. ಸೌದೆ ಒಲೆಯನ್ನು ಊದುಗೊಳವೆಯಲ್ಲಿ ಊದುತ್ತಿರುವಾಗ ಕಿಟಕಿಯಿಂದ ಗಾಳಿಯೂ ಬೀಸಿದರೆ ಊದುವವಳು ಉಸಿರು ಹಿಡಿಯುವುದಿಲ್ಲವೇ, ಹಾಗೆ. ಬೆಂಕಿ ಮೊದಲಿಗಿಂತ ಜೋರಾಗಿಯೇ ಇದೆ, ಊದುವುದು ಮಾತ್ರ ಕಡಿಮೆ.

ಎಚ್‌ಸಿಜಿ ತುತ್ತತುದಿ ಮುಟ್ಟುವುದು ಸುಮಾರು 8ರಿಂದ 11ನೇ ವಾರದಲ್ಲಿ. ಟಿಎಸ್‌ಎಚ್ ತಳ ಮುಟ್ಟುವುದೂ ಹೆಚ್ಚುಕಡಿಮೆ ಆಗಲೇ. ಆಮೇಲೆ ಎಚ್‌ಸಿಜಿ ಇಳಿಯುತ್ತದೆ, ಟಿಎಸ್‌ಎಚ್ ನಿಧಾನಕ್ಕೆ ಮೇಲೆ ಬರುತ್ತದೆ. ಕೊನೆಯ ಮೂರು ತಿಂಗಳ ಹೊತ್ತಿಗೆ ಬಸಿರಿಗೆ ಮುಂಚಿನ ಮಟ್ಟದ ಹತ್ತಿರ ಇರುತ್ತದೆ. ಅವಳಿ ಮಕ್ಕಳಿದ್ದರೆ ಎಚ್‌ಸಿಜಿ ಇನ್ನೂ ಜಾಸ್ತಿ, ಟಿಎಸ್‌ಎಚ್ ಇನ್ನೂ ಕಡಿಮೆ.

ಒಂಬತ್ತು ತಿಂಗಳಿಗೂ ಸೇರಿಸಿ ಒಂದೇ ಮಿತಿ ಇಡದೆ ಮೂರು ಮೂರು ತಿಂಗಳಿಗೆ ಬೇರೆ ಬೇರೆ ಮಿತಿ ಇಡುವುದು ಇದಕ್ಕೇ. ಇಲ್ಲಿ ಜನ, ಎಷ್ಟೋ ಸಲ ಡಾಕ್ಟರುಗಳು ಕೂಡ, ಮರೆಯುವ ಒಂದು ವಿಷಯವಿದೆ. ಟಿಎಸ್‌ಎಚ್ ಇಳಿಯಲು ಶುರುವಾಗುವುದು ಸುಮಾರು 7ನೇ ವಾರದಿಂದ. 5ನೇ ವಾರದಲ್ಲಿ, ಮುಟ್ಟು ತಪ್ಪಿದ ಕೂಡಲೇ ಮಾಡಿಸಿದ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇನ್ನೂ ಬಸಿರಿಲ್ಲದವರ ಮಟ್ಟದಲ್ಲೇ ಇರುತ್ತದೆ. ಆ ರಿಪೋರ್ಟ್‌ಗೆ “ಮೊದಲ ಮೂರು ತಿಂಗಳ ಮಿತಿ” ಹಾಕಿದರೆ ಚೆನ್ನಾಗಿರುವವರೂ ರೋಗಿಯಾಗುತ್ತಾರೆ. ನನ್ನ ಹತ್ತಿರ ಬರುವ ಬಸುರಿಯರಿಗೆ ನಾನು ಮೊದಲು ಕೇಳುವುದು ರಕ್ತ ಕೊಟ್ಟ ತಾರೀಖು ಮತ್ತು ಕೊನೆಯ ಮುಟ್ಟಿನ ತಾರೀಖು. ನಂಬರ್ ನೋಡುವುದು ಆಮೇಲೆ. ನೀವು ಕೊಟ್ಟದ್ದು 8ನೇ ವಾರದಲ್ಲಿ. ಅಂದರೆ ನಿಮ್ಮ ರಿಪೋರ್ಟ್‌ಗೆ ಇಳಿದ ಮಿತಿಯೇ ಅನ್ವಯ.

ಹಾಗಾದರೆ ಆ ಇಳಿದ ಮಿತಿ ಎಷ್ಟು? ಜಗಳ ಇರುವುದೇ ಇಲ್ಲಿ.

ರಿಪೋರ್ಟ್‌ನಲ್ಲಿ ಅಚ್ಚಾಗಿರುವ 0.27ರಿಂದ 4.2 ಎಲ್ಲಿಂದ ಬಂತು ನೋಡಿ. ಪರೀಕ್ಷೆಯ ಕಿಟ್ ಮಾಡುವ ಕಂಪನಿ ಆರೋಗ್ಯವಂತ ವಯಸ್ಕರ ರಕ್ತ ಪರೀಕ್ಷಿಸುತ್ತದೆ. ಎಲ್ಲರ ನಂಬರುಗಳನ್ನು ಸಾಲಾಗಿ ಇಟ್ಟು, ಕೆಳಗಿನ ಎರಡೂವರೆ ಶೇಕಡ ಮತ್ತು ಮೇಲಿನ ಎರಡೂವರೆ ಶೇಕಡ ಬಿಡುತ್ತದೆ. ನಡುವೆ ಉಳಿದ 95 ಶೇಕಡವೇ ನಾರ್ಮಲ್. ಇದರಾಚೆ ಹೋದರೆ ಕಾಯಿಲೆ ಅಂತ ಯಾರೂ ಪರೀಕ್ಷಿಸಿ ಹಾಕಿದ ಗೆರೆ ಅದಲ್ಲ. ಆ ವಯಸ್ಕರಲ್ಲಿ ಬಸುರಿಯರು ಇರಲಿಲ್ಲ ಅನ್ನುವುದು ಇನ್ನೊಂದು ವಿಷಯ. ಬೇರೆ ಕಂಪನಿಯ ಕಿಟ್ ಇರುವ ಲ್ಯಾಬಿಗೆ ಹೋಗಿದ್ದರೆ 0.35ರಿಂದ 4.94 ಅಂತ ಅಚ್ಚಾಗಿರುತ್ತಿತ್ತು. ನಿಮ್ಮ ಲ್ಯಾಬಿನ ಕಂಪ್ಯೂಟರಿಗೆ ನೀವು ಬಸುರಿ ಅಂತ ಗೊತ್ತೇ ಇಲ್ಲ. ಊರಿನ ಡಾಕ್ಟರು ಓದಿದ್ದು ಆ ಸಾಲನ್ನು.

ಹಾಸನದ ಮೇಡಂ ಹೇಳಿದ 2.5ಕ್ಕೆ ಬೇರೆ ಚರಿತ್ರೆ ಇದೆ. 2011ರಲ್ಲಿ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಒಂದು ಮಾರ್ಗಸೂಚಿ ತಂದಿತು. ಸ್ವಂತ ಲ್ಯಾಬಿನ ಮಿತಿ ಇಲ್ಲದಿದ್ದರೆ ಮೊದಲ ಮೂರು ತಿಂಗಳಿಗೆ ಮೇಲ್ಮಿತಿ 2.5, ಆಮೇಲೆ 3 ಅಂತ ಇಟ್ಟುಕೊಳ್ಳಿ ಅಂದಿತು. 2014ರಲ್ಲಿ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೂ ಅದೇ ನಂಬರುಗಳನ್ನು ತೆಗೆದುಕೊಂಡಿತು. ಅದರ ಪ್ರಕಾರ 2.5 ದಾಟಿದರೆ 25 ಮೈಕ್ರೋಗ್ರಾಂ, 10 ದಾಟಿದರೆ 50 ಮೈಕ್ರೋಗ್ರಾಂ. ಮೇಡಂ ಬರೆದದ್ದು ಪುಸ್ತಕದಲ್ಲಿ ಇರುವುದನ್ನೇ. ಅವರು ಸುಮ್ನೆ ಮಾತ್ರೆ ಕೊಟ್ಟರು ಅಂದುಕೊಳ್ಳಬೇಡಿ.

ಆದರೆ 2.5 ಬಂದದ್ದು ಹೆಚ್ಚಾಗಿ ಪಾಶ್ಚಾತ್ಯ ದೇಶದ ಹೆಂಗಸರ ರಕ್ತದಿಂದ. ಆಮೇಲೆ ಏಷ್ಯಾದ ದೇಶಗಳಲ್ಲಿ ಆರೋಗ್ಯವಂತ ಬಸುರಿಯರನ್ನು ಅಳೆದಾಗ ಮೇಲ್ಮಿತಿ ಎಷ್ಟೋ ಕಡೆ ಜಾಸ್ತಿ ಬಂತು. 2008ರಲ್ಲೇ ದೆಹಲಿಯ ಒಂದು ಅಧ್ಯಯನದಲ್ಲಿ ಮೊದಲ ಮೂರು ತಿಂಗಳ ಮೇಲ್ಮಿತಿ 5ರ ಹತ್ತಿರ ಇತ್ತು. ಚೀನಾದಲ್ಲೂ ಸುಮಾರು ಅಷ್ಟೇ. 2.5 ಗೆರೆ ಹಿಡಿದರೆ ಬಸುರಿಯರ ದೊಡ್ಡ ಪಾಲು ಒಂದೇ ದಿನದಲ್ಲಿ ಥೈರಾಯ್ಡ್ ರೋಗಿಗಳಾಗುತ್ತಾರೆ ಅನ್ನುವುದು ಹೊರಬಿತ್ತು. 2017ರಲ್ಲಿ ಅದೇ ಅಮೆರಿಕನ್ ಸಂಸ್ಥೆ ತನ್ನ ಮಾತು ಬದಲಿಸಿತು. ನಿಮ್ಮ ಜನರಲ್ಲಿ, ನಿಮ್ಮ ಕಿಟ್‌ನಲ್ಲಿ ಅಳೆದ ಮಿತಿ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ 7ರಿಂದ 12ನೇ ವಾರಕ್ಕೆ ಮಾಮೂಲಿ ಮೇಲ್ಮಿತಿಯಿಂದ 0.5 ಕಳೆಯಿರಿ, ಕೆಳಮಿತಿಯಿಂದ 0.4ರಷ್ಟು ಕಳೆಯಿರಿ. ಮೇಲ್ಮಿತಿ ಸಾಮಾನ್ಯವಾಗಿ 4ರ ಹತ್ತಿರ ಬರುತ್ತದೆ. ಆಮೇಲಿನ ತಿಂಗಳುಗಳಲ್ಲಿ ಮೆಲ್ಲಗೆ ಮಾಮೂಲಿ ಮಿತಿಗೆ ವಾಪಸ್.

ನಿಮ್ಮ ಲೆಕ್ಕ ಹಾಕೋಣ. 4.2ರಲ್ಲಿ 0.5 ಹೋದರೆ 3.7. ನಿಮ್ಮದು 3.4. ಹಳೆಯ ಗೆರೆಯಾದ 2.5ಕ್ಕಿಂತ ಮೇಲೆ, ಹೊಸ ಗೆರೆಯಾದ 3.7ಕ್ಕಿಂತ ಕೆಳಗೆ. ಇಬ್ಬರು ಡಾಕ್ಟರುಗಳು ಎರಡು ಮಾತು ಹೇಳುವ ಜಾಗ ಇದೇ.

ಇಂಥ ನಂಬರಿಗೆ ಆಂಟಿ-ಟಿಪಿಒ ಪರೀಕ್ಷೆ ಬೇಕು. ಮೇಲೆ ಬಾಕಿ ಇದೆ ಅಂದದ್ದು ಇದನ್ನೇ. ದೇಹದ ರಕ್ಷಣಾ ವ್ಯವಸ್ಥೆ ತಪ್ಪಿ ತನ್ನ ಥೈರಾಯ್ಡ್ ಮೇಲೇ ದಾಳಿ ಮಾಡುತ್ತಿದೆಯೇ ಅಂತ ಇದು ಹೇಳುತ್ತದೆ. ಪಾಸಿಟಿವ್ ಬಂದರೆ ಗ್ರಂಥಿಯ ಒಂದಿಷ್ಟು ಭಾಗ ಈಗಾಗಲೇ ಸವೆದಿರುವ ಸಾಧ್ಯತೆ ಇದೆ. ಬಸಿರಿಲ್ಲದಾಗ ಉಳಿದ ಭಾಗವೇ ಸಾಕಾಗುತ್ತಿತ್ತು. ಬಸಿರಿನಲ್ಲಿ ಸಾಕಾಗದೆ ಹೋಗಬಹುದು.

ಯಾಕೆ ಸಾಕಾಗುವುದಿಲ್ಲ? ಬಸಿರಿನಲ್ಲಿ ಥೈರಾಕ್ಸಿನ್‌ನ ಖರ್ಚು ಹಲವು ಕಡೆಯಿಂದ ಏರುತ್ತದೆ. ಈಸ್ಟ್ರೋಜನ್ ಜಾಸ್ತಿಯಾಗಿ ಲಿವರ್‌ನಲ್ಲಿ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ಎರಡು ಮೂರು ಪಟ್ಟಾಗುತ್ತದೆ. ಅದನ್ನು ತುಂಬಿಸಿಯೂ ಉಳಿಯುವಷ್ಟು ಹಾರ್ಮೋನು ಬೇಕು. ಹೀಗಾಗಿ 16ನೇ ವಾರದ ಹೊತ್ತಿಗೆ ತಾಯಿಯ ರಕ್ತದ ಒಟ್ಟು ಥೈರಾಕ್ಸಿನ್ ಮೊದಲಿನ ಒಂದೂವರೆ ಪಟ್ಟು ಇರುತ್ತದೆ. ಮಾಸು ಒಂದಿಷ್ಟು ಥೈರಾಕ್ಸಿನ್ನನ್ನು ನಿಷ್ಕ್ರಿಯ ಮಾಡುತ್ತದೆ. ಮಗುವಿನ ಥೈರಾಯ್ಡ್ ಕೈಗೂಡುವುದು ಬಸಿರಿನ ನಡುಭಾಗದಲ್ಲಿ. ಅಲ್ಲಿಯವರೆಗೆ ಅದರ ಮೆದುಳು ಬೆಳೆಯಲು ಬೇಕಾದ ಥೈರಾಕ್ಸಿನ್ ಬರುವುದು ಅಮ್ಮನಿಂದಲೇ. ಆರೋಗ್ಯವಂತ ಗ್ರಂಥಿ ಎಚ್‌ಸಿಜಿಯ ಕರೆಗೆ ಓಗೊಟ್ಟು ಈ ಖರ್ಚನ್ನೆಲ್ಲ ತೂಗಿಸಿಕೊಂಡು ಹೋಗುತ್ತದೆ. ಸವೆದ ಗ್ರಂಥಿಗೆ ಅದು ಆಗುವುದಿಲ್ಲ, ಆಗ ವಾರ ಕಳೆದಂತೆ ಟಿಎಸ್‌ಎಚ್ ಏರುತ್ತದೆ.

ನಿಮ್ಮ ಓರಗಿತ್ತಿಯ ಕಥೆ ನಿಮ್ಮದಲ್ಲ ಅನ್ನುವುದು ಇಲ್ಲಿ ಅರ್ಥವಾಗುತ್ತದೆ. ಅವರಿಗೆ ಮೊದಲೇ ಥೈರಾಯ್ಡ್ ಕಡಿಮೆ ಇತ್ತು, ಮಾತ್ರೆಯಿಂದ ಸರಿದೂಗಿಸುತ್ತಿದ್ದರು. ಎಚ್‌ಸಿಜಿ ಎಷ್ಟೇ ಬಾಗಿಲು ತಟ್ಟಿದರೂ ಒಳಗೆ ಕೆಲಸ ಮಾಡಲು ಗ್ರಂಥಿಯೇ ಇಲ್ಲ ಅಂದ ಮೇಲೆ ಹೆಚ್ಚಿನ ಥೈರಾಕ್ಸಿನ್ ಎಲ್ಲಿಂದ ಬರಬೇಕು? ಮಾತ್ರೆಯಿಂದಲೇ. ಅಂಥವರಿಗೆ ಬಸಿರಿನಲ್ಲಿ ನಾಲ್ಕನೇ ಒಂದು ಭಾಗದಿಂದ ಅರ್ಧದಷ್ಟು ಜಾಸ್ತಿ ಡೋಸ್ ಬೇಕಾಗುತ್ತದೆ. ಮುಟ್ಟು ತಪ್ಪಿ ಟೆಸ್ಟ್ ಪಾಸಿಟಿವ್ ಬಂದ ದಿನವೇ ವಾರಕ್ಕೆ 7 ಮಾತ್ರೆಯ ಬದಲು 9 ನುಂಗಿ ಅಂತ ನಾವು ಮುಂಚೆಯೇ ಹೇಳಿಟ್ಟಿರುತ್ತೇವೆ. ಎರಡು ದಿನ ಎರಡೆರಡು, ಉಳಿದ ಐದು ದಿನ ಒಂದೊಂದು. ಅವರಿಗೆ ಟಿಎಸ್‌ಎಚ್ 2.5ರ ಒಳಗೆ ಇಡುವುದು ಈಗಲೂ ಸರಿಯಾದ ಗುರಿಯೇ. ಆ 2.5 ಮಾತ್ರೆ ತೆಗೆದುಕೊಳ್ಳುವವರ ಗುರಿ. ಮಾತ್ರೆಯೇ ಇಲ್ಲದವರಿಗೆ ಶುರು ಮಾಡುವ ಗೆರೆಯೂ ಅದೇ ಅಂತ ಬೆರೆಸಿಬಿಡುವುದು ನಮ್ಮಲ್ಲಿ ತುಂಬಾ ಕಾಣುವ ಗೊಂದಲ.

ಮಗುವಿನ ಬುದ್ಧಿಯ ಹೆದರಿಕೆಗೂ ಮೂಲ ಇದೆ. 1999ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಬಸಿರಿನಲ್ಲಿ ಥೈರಾಯ್ಡ್ ಕೊರತೆ ಇದ್ದೂ ಗೊತ್ತಾಗದೆ, ಚಿಕಿತ್ಸೆ ಪಡೆಯದೆ ಹೋದ ತಾಯಂದಿರ ಮಕ್ಕಳ ಬುದ್ಧಿಮಟ್ಟ ಉಳಿದವರಿಗಿಂತ ಸರಾಸರಿ 7 ಅಂಕ ಕಡಿಮೆ ಇತ್ತು. ಆದರೆ ಆ ತಾಯಂದಿರ ಟಿಎಸ್‌ಎಚ್ ಸಾವಿರಾರು ಜನರಲ್ಲಿ ತೀರಾ ಮೇಲ್ತುದಿಯಲ್ಲಿತ್ತು. ಅದು ನಿಮ್ಮ 3.4ರ ಆಸುಪಾಸಿನದಲ್ಲ. ಸೌಮ್ಯ ಏರಿಕೆಗೆ ಮಾತ್ರೆ ಕೊಟ್ಟರೆ ಮಕ್ಕಳಿಗೆ ಲಾಭವೇ ಅಂತ ನೇರವಾಗಿ ಪರೀಕ್ಷಿಸಿದ್ದೂ ಇದೆ. 2017ರಲ್ಲಿ ಅಮೆರಿಕದಿಂದಲೇ ಬಂದ ಅಧ್ಯಯನದಲ್ಲಿ ಟಿಎಸ್‌ಎಚ್ 4 ಅಥವಾ ಅದಕ್ಕಿಂತ ಜಾಸ್ತಿ ಇದ್ದು ಥೈರಾಕ್ಸಿನ್ ಸರಿ ಇದ್ದ 677 ಬಸುರಿಯರಿದ್ದರು. ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಸುಮ್ಮನೆ ಹುಸಿ ಮಾತ್ರೆ. ಮಕ್ಕಳಿಗೆ 5 ವರ್ಷವಾದಾಗ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದಕ್ಕೊಂದು ಆಕ್ಷೇಪ ಇದೆ, ಅದೂ ನ್ಯಾಯವಾದದ್ದೇ. ಮಾತ್ರೆ ಶುರುವಾಗಿದ್ದು ಸರಾಸರಿ 17ನೇ ವಾರದಲ್ಲಿ, ಮಗುವಿಗೆ ಅಮ್ಮನ ಥೈರಾಕ್ಸಿನ್ ಜಾಸ್ತಿ ಬೇಕಾದ ಕಾಲ ಅಷ್ಟೊತ್ತಿಗೆ ಹೆಚ್ಚುಕಡಿಮೆ ಮುಗಿದಿತ್ತು. ಹಾಗಾಗಿ 4 ದಾಟಿದವರಿಗೆ ಬೇಗ ಕೊಟ್ಟರೆ ಉಪಯೋಗವೇ ಇಲ್ಲ ಅಂತ ನಾನು ಹೇಳುವುದಿಲ್ಲ. 3.4ಕ್ಕೆ ಹೆದರಬೇಡಿ ಅಂತ ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಗರ್ಭಪಾತದ ವಿಷಯ ನೀವು ಕೇಳಿಲ್ಲ, ಆದರೆ ಇಂಟರ್ನೆಟ್‌ನಲ್ಲಿ ಓದಿಯೇ ಇರುತ್ತೀರಿ. ಆಂಟಿ-ಟಿಪಿಒ ಪಾಸಿಟಿವ್ ಇರುವವರಲ್ಲಿ ಗರ್ಭಪಾತ ಸ್ವಲ್ಪ ಜಾಸ್ತಿ, ಅದು ನಿಜ. ಮಾತ್ರೆ ಅದನ್ನು ತಪ್ಪಿಸುತ್ತದೆಯೇ? 2019ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಆಂಟಿ-ಟಿಪಿಒ ಪಾಸಿಟಿವ್ ಇದ್ದು ಟಿಎಸ್‌ಎಚ್ ನಾರ್ಮಲ್ ಇದ್ದ, ಹಿಂದೆ ಗರ್ಭಪಾತ ಅಥವಾ ಬಂಜೆತನ ಅನುಭವಿಸಿದ್ದ ಹೆಂಗಸರಿಗೆ ಬಸಿರಿಗೆ ಮುಂಚಿನಿಂದಲೇ 50 ಮೈಕ್ರೋಗ್ರಾಂ ಕೊಟ್ಟರು. ಮಾತ್ರೆ ತೆಗೆದುಕೊಂಡವರಲ್ಲೂ ತೆಗೆದುಕೊಳ್ಳದವರಲ್ಲೂ ಜೀವಂತ ಹೆರಿಗೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು.

ಈಗ ನಿಮ್ಮ ಮುಂದಿರುವ ದಾರಿ. ಈ ವಾರವೇ ಆಂಟಿ-ಟಿಪಿಒ ಮಾಡಿಸಿ. ಜೊತೆಗೆ ಟಿಎಸ್‌ಎಚ್ ಇನ್ನೊಮ್ಮೆ, ಅದೇ ಲ್ಯಾಬಿನಲ್ಲಿ, ಸಾಧ್ಯವಾದರೆ ಅದೇ ಹೊತ್ತಿಗೆ. ಟಿಎಸ್‌ಎಚ್ ದಿನದೊಳಗೇ ಏರಿಳಿಯುತ್ತದೆ, ನಸುಕಿನಲ್ಲಿ ಜಾಸ್ತಿ, ಮಧ್ಯಾಹ್ನ ಕಡಿಮೆ. ಬೇರೆ ಲ್ಯಾಬಿನ ಮಧ್ಯಾಹ್ನದ 2.9ನ್ನು ಹಿಡಿದು “ಇಳಿದಿದೆ” ಅಂತ ಖುಷಿಪಡುವುದರಲ್ಲಿ ಅರ್ಥವಿಲ್ಲ. ರಕ್ತದಲ್ಲಿ ಬಿಡಿಯಾಗಿ ಓಡಾಡುವ ಥೈರಾಕ್ಸಿನ್ ಅಳೆಯುವ ಎಫ್‌ಟಿ4 ಕೂಡ ಬರೆದುಕೊಟ್ಟರೆ ಮಾಡಿಸಿ. ಆದರೆ ಆ ಹಿಡಿದಿಡುವ ಪ್ರೋಟೀನು ಏರಿರುವುದರಿಂದ ಬಸಿರಿನಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಮಾಮೂಲಿ ಯಂತ್ರಗಳಲ್ಲಿ ಎಫ್‌ಟಿ4 ಅಷ್ಟು ನಂಬಿಕೆಗೆ ಯೋಗ್ಯವಲ್ಲ. ಸ್ವಲ್ಪ ಕಡಿಮೆ ಬಂತು ಅಂತ ಅದೊಂದನ್ನೇ ಹಿಡಿದು ಗಾಬರಿಯಾಗಬೇಡಿ.

ಆಂಟಿ-ಟಿಪಿಒ ನೆಗೆಟಿವ್ ಬಂದು ಟಿಎಸ್‌ಎಚ್ 3.7ರ ಒಳಗೇ ಇದ್ದರೆ ಮಾತ್ರೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸುಮಾರು 4 ವಾರ ಬಿಟ್ಟು ಒಮ್ಮೆ ನೋಡಿದರೆ ಸಾಕು. ಇಂಥವರಲ್ಲಿ ಹೆಚ್ಚಿನವರ ಟಿಎಸ್‌ಎಚ್ ಏನೂ ಮಾಡದೆ ತಾನಾಗಿಯೇ ಮಿತಿಯೊಳಗೆ ಉಳಿಯುತ್ತದೆ.

ಪಾಸಿಟಿವ್ ಬಂದು ಟಿಎಸ್‌ಎಚ್ ಇಷ್ಟೇ ಇದ್ದರೆ ಎರಡೂ ದಾರಿ ತೆರೆದಿದೆ. ಮೇಡಂ ಬರೆದ 25ನ್ನು ಶುರು ಮಾಡಬಹುದು. ಇಲ್ಲವೇ ಮಾತ್ರೆ ಇಲ್ಲದೆ, ನಡು ಬಸಿರಿನವರೆಗೆ 4 ವಾರಕ್ಕೊಮ್ಮೆ ಟಿಎಸ್‌ಎಚ್ ನೋಡುತ್ತಾ ಹೋಗಬಹುದು. ನಾನಾದರೆ ಇಂಥವರಿಗೆ, ಅದರಲ್ಲೂ ಹಿಂದೆ ಗರ್ಭಪಾತ ಆಗಿದ್ದರೆ ಅಥವಾ ತಿಂಗಳಿಗೊಮ್ಮೆ ಲ್ಯಾಬಿಗೆ ಬರುವುದು ಕಷ್ಟ ಅಂದರೆ, ಮಾತ್ರೆ ಕೊಡುವ ಕಡೆಗೇ ವಾಲುತ್ತೇನೆ. ಇದು ಅನುಭವದ ತೀರ್ಮಾನ, ಮೇಲಿನ ಬ್ರಿಟನ್ ಅಧ್ಯಯನ ನೋಡಿದರೆ ಇದಕ್ಕೆ ಗಟ್ಟಿ ಪುರಾವೆ ಇದೆ ಅಂತ ಹೇಳುವ ಹಾಗಿಲ್ಲ.

ಮರುಪರೀಕ್ಷೆಯಲ್ಲಿ 3.7 ದಾಟಿ 4, 5 ಅಂತ ಬಂದರೆ ಮಾತು ಬೇರೆ. ಆಂಟಿ-ಟಿಪಿಒ ಪಾಸಿಟಿವ್ ಆಗಿದ್ದರೆ ಖಂಡಿತ ಮಾತ್ರೆ. ನೆಗೆಟಿವ್ ಆಗಿದ್ದರೂ ನಮ್ಮಲ್ಲಿ ಹೆಚ್ಚಿನವರು ಕೊಡುತ್ತೇವೆ. 10 ದಾಟಿದರೆ ಆಂಟಿಬಾಡಿ ರಿಪೋರ್ಟ್‌ಗೆ ಕಾಯುವುದೇ ಇಲ್ಲ, ಅವತ್ತೇ ಶುರು.

25 ಮೈಕ್ರೋಗ್ರಾಂ ಸಣ್ಣ ಡೋಸು. ಮಾತ್ರೆಯಲ್ಲಿ ಇರುವುದು ನಿಮ್ಮ ಗ್ರಂಥಿ ತಯಾರಿಸುವ ಅದೇ ಥೈರಾಕ್ಸಿನ್. ಅದರಿಂದ ಮಗುವಿಗೆ ಅಂಗವೈಕಲ್ಯ ಬರುವುದಿಲ್ಲ, ಉಷ್ಣವಾಗಿ ಬಸಿರು ಇಳಿಯುವುದೂ ಇಲ್ಲ. ಹಾಗಂತ ಬೇಡದವರಿಗೂ ಕೊಟ್ಟರೆ ನಷ್ಟವೇನು ಅಂತ ಕೇಳಬೇಡಿ. ಅಮೆರಿಕದಲ್ಲಿ ಸಾವಿರಾರು ಬಸುರಿಯರ ದಾಖಲೆ ತೆಗೆದು ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಮಾತ್ರೆ ಪಡೆದವರಲ್ಲಿ ಗರ್ಭಪಾತ ಕಡಿಮೆ ಇತ್ತು, ಆದರೆ ಆ ಲಾಭ ಕಂಡದ್ದು ಟಿಎಸ್‌ಎಚ್ 4 ದಾಟಿದ್ದವರಲ್ಲಿ ಮಾತ್ರ. ಅದೇ ಮಾತ್ರೆ ಪಡೆದವರಲ್ಲಿ ಅವಧಿಗೆ ಮುಂಚಿನ ಹೆರಿಗೆ, ಬಸಿರಿನ ಸಕ್ಕರೆ ಕಾಯಿಲೆ ಮತ್ತು ಬಿಪಿಯ ತೊಂದರೆ ಒಂದಿಷ್ಟು ಜಾಸ್ತಿ ಕಂಡಿತು. ಹಳೆಯ ದಾಖಲೆ ನೋಡಿ ಮಾಡಿದ ಅಧ್ಯಯನವಾದ್ದರಿಂದ ಮಾತ್ರೆಯೇ ಕಾರಣ ಅಂತ ಹೇಳಲಾಗದು. ಗೆರೆಯನ್ನು 2.5ಕ್ಕೆ ಎಳೆದು ಎಲ್ಲರಿಗೂ ಬರೆಯಲು ನಾನು ಹಿಂಜರಿಯುವುದು ಇದಕ್ಕೇ.

ಜೀವನಪೂರ್ತಿ ಅನ್ನುವ ಅತ್ತೆಯ ಮಾತು ಓರಗಿತ್ತಿಯಂಥವರಿಗೆ ಹೆಚ್ಚಾಗಿ ನಿಜ, ನಿಮಗಲ್ಲ. ಬಸಿರಿನಲ್ಲೇ ಶುರುವಾದ 25ರಿಂದ 50ರ ಡೋಸನ್ನು ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ನಿಲ್ಲಿಸಿ ನೋಡುತ್ತೇವೆ. ಮಾತ್ರೆ ಚಟ ಹಿಡಿಸುವಂಥದ್ದೇನೂ ಅಲ್ಲ.

ತೆಗೆದುಕೊಳ್ಳುವುದೇ ಆದರೆ ತೆಗೆದುಕೊಳ್ಳುವ ರೀತಿ ಗೊತ್ತಿರಬೇಕು. ಏರಿದ ಟಿಎಸ್‌ಎಚ್ ಇಳಿಯುತ್ತಿಲ್ಲ ಅಂತ ಬರುವವರಲ್ಲಿ ಡೋಸ್ ಸಾಲದವರಿಗಿಂತ ನುಂಗುವ ಹೊತ್ತು ತಪ್ಪಿದವರೇ ನನಗೆ ಜಾಸ್ತಿ ಸಿಗುತ್ತಾರೆ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಕಾಫಿಗೂ ತಿಂಡಿಗೂ ಅರ್ಧದಿಂದ ಒಂದು ಗಂಟೆ ಕಾಯಿರಿ. ಬೆಳಗಿನ ವಾಂತಿ ಜೋರಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು, ಮಲಗುವ ಮುಂಚೆ ನುಂಗಬಹುದು. ಮೂರು ತಿಂಗಳು ತುಂಬಿದ ಮೇಲೆ ಆಶಾ ಕಾರ್ಯಕರ್ತೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರಲ್ಲ, ಎಡವಟ್ಟಾಗುವುದು ಆಗಲೇ. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿಟ್ಟು ತಿಂಡಿ ಹೊತ್ತಿಗೆ ಒಟ್ಟಿಗೆ ನುಂಗುತ್ತಾರೆ. ಕಬ್ಬಿಣವೂ ಕ್ಯಾಲ್ಸಿಯಮ್ಮೂ ಥೈರಾಕ್ಸಿನ್ನನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಅವಕ್ಕೂ 4 ಗಂಟೆ ಅಂತರ ಇರಲಿ. ಬೆಳಗ್ಗೆ 6ಕ್ಕೆ ಥೈರಾಯ್ಡ್, ಮಧ್ಯಾಹ್ನದ ಊಟಕ್ಕೆ ಒಂದು ಕ್ಯಾಲ್ಸಿಯಂ, ಸಂಜೆ ಇನ್ನೊಂದು, ರಾತ್ರಿ ಕಬ್ಬಿಣ ಅಂತ ಹಂಚಿಕೊಳ್ಳಿ. ಥೈರಾಯ್ಡ್ ಮಾತ್ರೆಯನ್ನು ರಾತ್ರಿಗೆ ಹಾಕಿಕೊಂಡವರು ಕಬ್ಬಿಣವನ್ನು ಹಗಲಿಗೆ ತರಬೇಕು, ಆದರೆ ಕ್ಯಾಲ್ಸಿಯಂ ಜೊತೆ ಅಲ್ಲ.

ಅಡುಗೆಮನೆಯಲ್ಲಿ ಎಲೆಕೋಸು ಬಿಡಬೇಕಾಗಿಲ್ಲ. ಬೇಯಿಸಿದ ಕೋಸಿನ ಪಲ್ಯದಿಂದ ಏನೂ ಆಗದು. ಉಪ್ಪನ್ನು ಮಾತ್ರ ನೋಡಿ. ಸೈಂಧವ ಲವಣ, ಗುಲಾಬಿ ಉಪ್ಪು ಒಳ್ಳೆಯದು ಅಂತ ಈಗ ಎಷ್ಟೋ ಮನೆಗಳಲ್ಲಿ ಅಯೋಡಿನ್ ಉಪ್ಪನ್ನು ಬಿಟ್ಟಿದ್ದಾರೆ. ಆ ಉಪ್ಪುಗಳಿಗೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಥೈರಾಕ್ಸಿನ್ ತಯಾರಾಗುವುದೇ ಅಯೋಡಿನ್‌ನಿಂದ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕಾದರೆ ಬಸುರಿಗೆ 250 ಬೇಕು, ಮೂತ್ರದಲ್ಲಿ ಹೋಗುವುದೂ ಜಾಸ್ತಿ. ಮನೆಯ ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಅಂತ ಬರೆದಿದೆಯೇ ನೋಡಿಕೊಳ್ಳಿ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮುಂಚೆ ನಿಲ್ಲಿಸಿ. ಕೆಲವು ಕಿಟ್‌ಗಳಲ್ಲಿ ಅದು ಟಿಎಸ್‌ಎಚ್ಚನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ.

ಇದನ್ನು ಓದುತ್ತಿರುವ ಬೇರೆ ಬಸುರಿಯರಲ್ಲಿ ಕೆಲವರಿಗೆ ಉಲ್ಟಾ ರಿಪೋರ್ಟ್ ಬಂದಿರಬಹುದು. 10ನೇ ವಾರ, ವಿಪರೀತ ವಾಂತಿ, ಟಿಎಸ್‌ಎಚ್ 0.08, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಕಡಿಮೆ ಅನ್ನುವ ಗುರುತು. ಎಚ್‌ಸಿಜಿ ತುದಿಯಲ್ಲಿರುವ ಕಾಲದಲ್ಲಿ ಕೆಳಮಿತಿಯೂ ಇಳಿದಿರುತ್ತದೆ, ಸುಮಾರು 0.1ರವರೆಗೆ ಇದ್ದರೂ ಸಹಜ. ಅದಕ್ಕೂ ಕೆಳಗೆ ಹೋದರೂ ಹೆಚ್ಚಿನವರಲ್ಲಿ ಕಾರಣ ಎಚ್‌ಸಿಜಿಯೇ, ತಿಂಗಳೊಪ್ಪತ್ತಿನಲ್ಲಿ ತಾನೇ ಸರಿಹೋಗುತ್ತದೆ. ಅದನ್ನು ಥೈರಾಯ್ಡ್ ಜಾಸ್ತಿಯ ಕಾಯಿಲೆ ಅಂತ ತಿಳಿದು ಕಾರ್ಬಿಮಜೋಲ್ ಶುರು ಮಾಡಿದರೆ ಅಪಾಯ. ಮೊದಲ ತಿಂಗಳುಗಳಲ್ಲಿ ಆ ಮಾತ್ರೆಯಿಂದ ಮಗುವಿನ ಅಂಗಗಳಲ್ಲಿ ದೋಷ ಬರಬಹುದು. ಬಸಿರಿಗೆ ಮುಂಚೆಯೇ ಎದೆ ಡವಗುಡುತ್ತಿದ್ದರೆ, ಕುತ್ತಿಗೆ ಊದಿದ್ದರೆ, ಕಣ್ಣುಗುಡ್ಡೆ ಮುಂದಕ್ಕೆ ಬಂದಿದ್ದರೆ ಮಾತ್ರ ಬೇರೆ ಕಾಯಿಲೆಯ ಅನುಮಾನ ಪಡಬೇಕು. ಆಗ ತಜ್ಞರಿಗೆ ತೋರಿಸಿ, ಬೇರೆ ಆಂಟಿಬಾಡಿ ಪರೀಕ್ಷೆ ಮಾಡಿಸಿದ ಮೇಲೆಯೇ ಔಷಧಿ.

ನಿಮ್ಮ ವಿಷಯಕ್ಕೆ ಬಂದರೆ, ಹಾಸನದ ಮೇಡಂ ಹತ್ತಿರ ಆಂಟಿ-ಟಿಪಿಒ ರಿಪೋರ್ಟ್ ಹಿಡಿದುಕೊಂಡೇ ಮತ್ತೆ ಹೋಗಿ. “8ನೇ ವಾರದಲ್ಲಿ 3.4 ಇತ್ತು, ಲ್ಯಾಬಿನ ಮೇಲ್ಮಿತಿ 4.2, ಆಂಟಿಬಾಡಿ ಇಷ್ಟು” ಅಂತ ಮೂರನ್ನೂ ಒಟ್ಟಿಗೆ ಹೇಳಿ. ಮಾತ್ರೆ ಬೇಕೋ ಬೇಡವೋ ಅಂತ ಅವರ ಜೊತೆಯೇ ತೀರ್ಮಾನ ಮಾಡಿ. ಶುರು ಮಾಡಿದರೆ ನಡುವೆ ಯಾರದೋ ಮಾತು ಕೇಳಿ ನಿಲ್ಲಿಸಬೇಡಿ. 4 ವಾರಕ್ಕೊಮ್ಮೆ ಟಿಎಸ್‌ಎಚ್, ನಡು ಬಸಿರು ದಾಟಿದ ಮೇಲೆ 30ನೇ ವಾರದ ಹತ್ತಿರ ಒಮ್ಮೆ. ಮಾತ್ರೆ ತೆಗೆದುಕೊಂಡಿದ್ದರೆ ಹೆರಿಗೆಯಾದ 6 ವಾರಕ್ಕೆ ಇನ್ನೊಂದು ಪರೀಕ್ಷೆ. ಆಂಟಿ-ಟಿಪಿಒ ಪಾಸಿಟಿವ್ ಬಂದಿದ್ದರೆ, ಮಾತ್ರೆ ತೆಗೆದುಕೊಂಡಿರಲಿ ಬಿಡಲಿ, ಹೆರಿಗೆಯಾಗಿ 3 ತಿಂಗಳಿಗೂ 6 ತಿಂಗಳಿಗೂ ಟಿಎಸ್‌ಎಚ್ ಮಾಡಿಸಿ. ಅಂಥವರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಬಾಣಂತನದ ನಂತರ ಥೈರಾಯ್ಡ್ ಏರುಪೇರಾಗುತ್ತದೆ. ಆಗ ಬರುವ ಸುಸ್ತು, ಬೇಸರ, ಕೂದಲು ಉದುರುವುದನ್ನು ಮನೆಯವರು ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡು ಬಿಟ್ಟುಬಿಡುತ್ತಾರೆ.